ಕೀ ಬೋರ್ಡಿಗೆ ಕೀ ಮರಳುವ ಮುನ್ನ

ಮೊಳಕಾಲ್ಮೂರಿಗೆ ರಾತ್ರಿ ತಂಗಲು ಬರುವವರು ಬಗೆಬಗೆಯ ಜನ. ರೇಷ್ಮೆ ಸೀರೆ ಕೊಳ್ಳಲು ಬಂದ ವ್ಯಾಪಾರಿ, ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನ ನೋಡಲು ಬಂದ ಇತಿಹಾಸದ ಮೇಷ್ಟ್ರು, ಬಳ್ಳಾರಿ–ಚಳ್ಳಕೆರೆ ದಾರಿಯಲ್ಲಿ ಕಣ್ಣು ಎಳೆಯತೊಡಗಿದ ಡ್ರೈವರು. ಇವರಿಗೆ ಬೇಕಾದದ್ದು ಐಷಾರಾಮವಲ್ಲ, ಒಗೆದ ಬೆಡ್‌ಶೀಟು, ವಾಸನೆಯಿಲ್ಲದ ಬಚ್ಚಲು, ಬಿಸಿನೀರು. ಹತ್ತು–ಹದಿನೈದು ರೂಮಿನ ಲಾಡ್ಜಿನಲ್ಲಿ ಇಷ್ಟನ್ನು ದಿನವೂ ಕೊಡಬೇಕಾದವರು ಹೆಚ್ಚೆಂದರೆ ಇಬ್ಬರು ರೂಮ್ ಬಾಯ್‌ಗಳು. ಅವರೇ ಟೀ ತರಬೇಕು, ಲಗೇಜು ಎತ್ತಬೇಕು.

ಸಾಲದ್ದಕ್ಕೆ ನಮ್ಮ ಕಡೆಯ ಹಲವು ಲಾಡ್ಜುಗಳದ್ದು 24 ಗಂಟೆಯ ಲೆಕ್ಕ. ರಾತ್ರಿ ಹತ್ತಕ್ಕೆ ಬಂದವರು ಮರುದಿನ ರಾತ್ರಿ ಹತ್ತರವರೆಗೆ ಇರಬಹುದು. ದೊಡ್ಡ ಹೋಟೆಲುಗಳ ಹಾಗೆ ಬೆಳಗ್ಗೆ ಎಲ್ಲ ರೂಮುಗಳನ್ನೂ ಒಟ್ಟಿಗೆ ತೊಳೆದು ಮುಗಿಸುವ ಭಾಗ್ಯ ಇಲ್ಲಿಲ್ಲ. ಹಾಗಾಗಿ ಯಾವ ರೂಮು ಯಾವ ಸ್ಥಿತಿಯಲ್ಲಿದೆ ಎಂಬುದು ಯಾರದೋ ನೆನಪಿನಲ್ಲಿ ಉಳಿಯಬಾರದು, ಕೀ ಬೋರ್ಡಿನಲ್ಲಿ ಕಾಣಬೇಕು. ಅತಿಥಿ ಕೀ ಕೊಟ್ಟ ಕೂಡಲೇ ಅದು ಬೋರ್ಡಿಗೆ ಹೋಗದೆ ಕೌಂಟರಿನ ಕೆಳಗಿನ ಡಬ್ಬಿಗೆ ಬೀಳಲಿ. ಸ್ವಚ್ಛವಾಗಿ, ಇನ್ನೊಬ್ಬರ ಕಣ್ಣಿಗೆ ಬಿದ್ದು ಪಾಸಾದ ಮೇಲಷ್ಟೇ ಬೋರ್ಡಿನ ಮೊಳೆಗೆ ಏರಲಿ. ಹೀಗೆ ಮಾಡಿದರೆ ರಾತ್ರಿ ಪಾಳಿಯವನು ಅವಸರದಲ್ಲಿ ಹೊಲಸು ರೂಮನ್ನು ಕೊಟ್ಟುಬಿಡುವ ಪ್ರಮಾದವೇ ಆಗುವುದಿಲ್ಲ.

ಇನ್ನು ರೂಮಿನ ಒಳಗಿನ ಕೆಲಸ. ಪಟ್ಟಿಯಲ್ಲಿ ಏನೇನಿದೆ ಎನ್ನುವುದಕ್ಕಿಂತ ಯಾವುದು ಯಾವುದಕ್ಕೆ ಮೊದಲು ಎನ್ನುವುದರಲ್ಲೇ ಸಮಯ ಉಳಿಯುವುದು. ಬಾಗಿಲು ತೆಗೆದು ಕಿಟಕಿ ತೆರೆದು ಎಲ್ಲ ಸ್ವಿಚ್ಚುಗಳನ್ನೂ ಒತ್ತಬೇಕು. ಹೋದ ಬಲ್ಬು, ಕಿರುಗುಟ್ಟುವ ಫ್ಯಾನು ಆಗಲೇ ಗೊತ್ತಾಗುತ್ತವೆ. ಆಮೇಲೆ ದಿಂಬಿನ ಕೆಳಗೆ, ಮಂಚದ ಕೆಳಗೆ, ಬಚ್ಚಲಿನ ಕಟ್ಟೆಯ ಮೇಲೆ ಕಣ್ಣಾಡಿಸಿ ಮರೆತುಹೋದ ವಸ್ತು ಹುಡುಕಬೇಕು. ಚಾರ್ಜರು, ಕನ್ನಡಕ, ತಲೆದಿಂಬಿನ ಅಡಿಗಿಟ್ಟ ಸರ ಇಂಥವು ಅತಿಥಿ ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ಸಿಕ್ಕರೆ ಮುಂದಿನ ಜಗಳವೇ ಇಲ್ಲ. ಬೆಡ್‌ಶೀಟನ್ನು ಉಂಡೆ ಮಾಡಿ ಎಳೆಯಬಾರದು, ಒಂದೊಂದನ್ನೇ ಬಿಡಿಸಿ ಎತ್ತಬೇಕು. ಹಾಸಿಗೆ ಬರಿದಾದಾಗ ಅದರ ಅಂಚಿನ ಹೊಲಿಗೆಯನ್ನು ನಾಲ್ಕು ಮೂಲೆಯಲ್ಲೂ ನೋಡಬೇಕು. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ತಿಗಣೆ ಇದೆ ಎಂದರ್ಥ, ಆ ರೂಮು ಅಂದು ಬಾಡಿಗೆಗಿಲ್ಲ. ಅಲ್ಲಿಯ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ ಬಿಸಿನೀರಿಗೆ ಕಳಿಸಬೇಕು.

ಹಾಸಿಗೆ ಹಾಸುವ ಮೊದಲು ಬಚ್ಚಲಿಗೆ ಹೋಗಿ ಕಮೋಡಿಗೆ ಕ್ಲೀನರ್ ಸುರಿದು ಬರಬೇಕು. ಅದಕ್ಕೆ ಹತ್ತು ನಿಮಿಷ ನೆನೆಯಲು ಬೇಕು, ಅಷ್ಟರಲ್ಲಿ ಹಾಸಿಗೆ ಮುಗಿಯುತ್ತದೆ. ಇದನ್ನು ಉಲ್ಟಾ ಮಾಡುವವರು ಕೊನೆಗೆ ಬ್ರಷ್ ಹಿಡಿದು ತಿಕ್ಕಾಡುತ್ತಾ ಕೂರುತ್ತಾರೆ. ಧೂಳು ಮೇಲಿನಿಂದ ಕೆಳಕ್ಕೆ, ಒರಸುವುದು ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ. ಕಮೋಡಿನ ಬಟ್ಟೆ ಕೆಂಪು, ವಾಶ್‌ಬೇಸಿನ್ನಿನದು ಹಳದಿ, ರೂಮಿನದು ನೀಲಿ ಎಂದು ಬಣ್ಣ ಗೊತ್ತುಮಾಡಿದರೆ ಓದು ಬಾರದವರಿಗೂ ತಪ್ಪುವುದಿಲ್ಲ. ಅತಿಥಿ ಬಿಟ್ಟುಹೋದ ಟವೆಲ್ಲಿನಿಂದಲೇ ಲೋಟ ಒರೆಸುವ ಚಾಳಿಗೆ ಮಾತ್ರ ಯಾವ ರಿಯಾಯಿತಿಯೂ ಬೇಡ.

ನಮ್ಮ ಸೀಮೆಯ ದೊಡ್ಡ ಶತ್ರು ನೀರು. ಮಳೆ ಕಡಿಮೆ, ನಂಬಿರುವುದು ಬೋರ್‌ವೆಲ್ಲು, ಅದರ ನೀರು ಗಡಸು. ನಲ್ಲಿಯ ಮೇಲೆ, ಕನ್ನಡಿಯ ಮೇಲೆ ಉಳಿದ ಹನಿ ಒಣಗಿದಾಗ ಅದರಲ್ಲಿದ್ದ ಸುಣ್ಣದಂಶ ಅಲ್ಲೇ ಬಿಳಿಯಾಗಿ ಕೂರುತ್ತದೆ. ಬಕೆಟ್ಟಿನ ಒಳಗೆ ಬಿಳಿ ಪಟ್ಟಿ ಕಂಡರೆ ಎಷ್ಟು ತೊಳೆದರೂ ಅತಿಥಿ ಅದನ್ನು ಹೊಲಸೆಂದೇ ನೋಡುತ್ತಾನೆ. ಕಲೆ ಕೂತ ಮೇಲೆ ತಿಕ್ಕುವ ಬದಲು ಕೂರದಂತೆ ನೋಡಿಕೊಳ್ಳುವುದೇ ಕಡಿಮೆ ಶ್ರಮ. ತೊಳೆದಾದ ಮೇಲೆ ನಲ್ಲಿ, ಕನ್ನಡಿ, ಬಕೆಟ್ಟನ್ನು ಒಣಬಟ್ಟೆಯಿಂದ ಒರೆಸಬೇಕು, ನೆಲಕ್ಕೆ ವೈಪರ್ ಎಳೆಯಬೇಕು. ಕೂತ ಕಲೆಗೆ ನಿಂಬೆ ಉಪ್ಪಿನ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ತೊಳೆದರೆ ಸಾಕು. ಕಲೆ ಬೇಗ ಹೋಗಲೆಂದು ಆಸಿಡ್ ಕ್ಲೀನರಿನ ಮೇಲೆ ಬ್ಲೀಚಿಂಗ್ ಪೌಡರ್ ಸುರಿಯುವವರಿದ್ದಾರೆ. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಈ ಎರಡು ಡಬ್ಬಿಗಳನ್ನು ಒಂದೇ ಬಕೆಟ್ಟಿನಲ್ಲಿ ಇಟ್ಟುಕೊಂಡು ಓಡಾಡಲೂ ಬಿಡಬಾರದು.

ಒಂದು ದಿನದ ಲೆಕ್ಕ ನೋಡೋಣ. ಚಳ್ಳಕೆರೆಯಲ್ಲಿ 14 ರೂಮಿನ ಒಂದು ಲಾಡ್ಜು, ಇಬ್ಬರು ಕೆಲಸದವರು, ಕೌಂಟರಿನಲ್ಲಿ ಮಾಲೀಕರು ಎಂದಿಟ್ಟುಕೊಳ್ಳಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ರಥೋತ್ಸವದ ಮರುದಿನ ಬೆಳಗ್ಗೆ ಹತ್ತಕ್ಕೆ ಎಂಟು ರೂಮು ಒಟ್ಟಿಗೆ ಖಾಲಿಯಾಗಿವೆ, ಹೊಸಬರು ಮಧ್ಯಾಹ್ನ ಎರಡಕ್ಕೆ ಬರುತ್ತಾರೆ. ಒಂದೊಂದೇ ರೂಮು ಮುಗಿಸುತ್ತಾ ಹೋಗಬಾರದು. ಮೊದಲ 20 ನಿಮಿಷದಲ್ಲಿ ಇಬ್ಬರೂ ಎಂಟೂ ರೂಮು ಸುತ್ತಿ ಕಿಟಕಿ ತೆರೆದು, ಮರೆತ ಸಾಮಾನು ತಂದು ಕೌಂಟರಿಗೆ ಕೊಟ್ಟು, ಬಟ್ಟೆ ಬಿಚ್ಚಿ ಒಗೆಯಲು ಕಳಿಸಬೇಕು. ಆಗ ಬಟ್ಟೆ ಮಧ್ಯಾಹ್ನದ ಬಿಸಿಲಿಗೇ ಸಿಗುತ್ತದೆ. ಉಳಿದ ಕೆಲಸಕ್ಕೆ ರೂಮಿಗೆ 25 ನಿಮಿಷ ಹಿಡಿದರೆ ಒಬ್ಬೊಬ್ಬರಿಗೆ ನಾಲ್ಕು ರೂಮು, 100 ನಿಮಿಷ. ಹನ್ನೆರಡಕ್ಕೆ ಕೆಲಸ ಮುಗಿಯಿತು. ಆದರೆ ಈ ಲೆಕ್ಕ ನಿಲ್ಲುವುದು ಬೀರುವಿನಲ್ಲಿ ಒಗೆದ ಎಂಟು ಜೊತೆ ಬಟ್ಟೆ ಇದ್ದರೆ ಮಾತ್ರ. ಒಂದು ಹಾಸಿಗೆಯ ಮೇಲೆ, ಒಂದು ಒಗೆತದಲ್ಲಿ, ಒಂದು ಬೀರುವಿನಲ್ಲಿ, ಹೀಗೆ ರೂಮಿಗೆ ಮೂರು ಜೊತೆ ಬೇಕು. ಎರಡೇ ಜೊತೆಯಿಟ್ಟು ಹಣ ಉಳಿಸಿದವರು ಜಾತ್ರೆಯ ದಿನ ಒದ್ದೆ ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಾ ನಿಂತಿರುತ್ತಾರೆ.

ಮೊದಲ ರೂಮು ಮುಗಿದ ಕೂಡಲೇ ತಪಾಸಣೆ ಶುರು. ತೊಳೆದವನೇ ನೋಡಿದರೆ ಅದು ತಪಾಸಣೆಯಲ್ಲ, ಕೈ ಬಿಟ್ಟದ್ದನ್ನು ಕಣ್ಣೂ ಬಿಡುತ್ತದೆ. ಮಾಲೀಕರು ಟಾರ್ಚು ಹಿಡಿದು ರೂಮಿಗೆ ನಾಲ್ಕು ನಿಮಿಷ ಕೊಟ್ಟರೆ ಸಾಕು. ಬಾಗಿಲು ತೆಗೆದ ಕ್ಷಣ ಮೂಗಿಗೆ ಏನು ಬಡಿಯಿತು ಎಂಬುದೇ ಮೊದಲ ಪರೀಕ್ಷೆ, ಹಾಗಾಗಿ ಅದಕ್ಕೆ ಮುಂಚೆ ಸ್ಪ್ರೇ ಹೊಡೆಯಬಾರದು. ಬಾಗಿಲಿನಿಂದ ಎಡಕ್ಕೆ ಹೊರಟು ಗೋಡೆ ಹಿಡಿದು ಒಂದು ಸುತ್ತು ಬಂದರೆ ಯಾವ ಮೂಲೆಯೂ ತಪ್ಪದು. ಹಾಸಿಗೆಯ ಮೇಲೆ ಒಮ್ಮೆ ಮಲಗಿ ಮೇಲೆ ನೋಡಬೇಕು. ಅತಿಥಿ ಇಡೀ ರಾತ್ರಿ ನೋಡುವ ಫ್ಯಾನಿನ ರೆಕ್ಕೆಯ ಧೂಳು ನಿಂತವರಿಗೆ ಕಾಣುವುದಿಲ್ಲ. ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ ಕೂದಲಿದೆಯೇ, ಫ್ಲಶ್ ಎಳೆದರೆ ನೀರು ನಿಲ್ಲುತ್ತದೆಯೇ, ಚಿಲಕ ಒಳಗಿನಿಂದ ಬೀಳುತ್ತದೆಯೇ, ಗೀಸರಿನ ನೀರು ಕಾಯುತ್ತದೆಯೇ ನೋಡಬೇಕು. ಫ್ಯಾನು ತೊಳೆಯುವುದು, ಹಾಸಿಗೆ ಮಗುಚುವುದು, ಮಂಚ ಸರಿಸಿ ಗುಡಿಸುವುದು ದಿನದ ಪಟ್ಟಿಗೆ ಬೇಡ. ದಿನಕ್ಕೊಂದು ರೂಮಿನಂತೆ ಮಾಡಿದರೆ 14 ದಿನಕ್ಕೆ ಲಾಡ್ಜು ಪೂರ್ತಿ ಒಂದು ಸುತ್ತು ಬರುತ್ತದೆ.

ಜನ ಕಡಿಮೆ ಇರುವ ಕಡೆ ಎಲ್ಲ ರೂಮನ್ನೂ ದಿನವೂ ನೋಡಲಾಗದಿದ್ದರೆ ಹೊಸ ಕೆಲಸಗಾರ ತೊಳೆದದ್ದನ್ನೂ ಹಿಂದೆ ದೂರು ಬಂದ ರೂಮನ್ನೂ ತಪ್ಪದೆ ನೋಡಿ, ಉಳಿದವುಗಳಲ್ಲಿ ಹೇಳದೆ ಕೇಳದೆ ಒಂದೆರಡು ಆರಿಸಿಕೊಳ್ಳಬಹುದು. ಮಂಚದ ಕೆಳಗೆ ಚೀಟಿ ಎಸೆದು ಅದು ಸಿಗುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ಉಪಾಯ ಕೆಲವರಿಗೆ ಇಷ್ಟ. ನನಗೆ ಅದು ಸರಿಕಾಣದು, ಇಬ್ಬರೇ ಇರುವ ಕಡೆ ಅದರಿಂದ ಮನಸ್ತಾಪವಷ್ಟೇ ಉಳಿಯುತ್ತದೆ. ಅದರ ಬದಲು ಕಂಡ ತಪ್ಪನ್ನು ರೂಮ್ ನಂಬರಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೇ ಬಚ್ಚಲಿನಲ್ಲಿ ಮೂರು ಸಲ ಕೂದಲು ಸಿಕ್ಕರೆ ಹುಡುಗನನ್ನು ಗದರಿಸುವ ಮುಂಚೆ ಅಲ್ಲಿನ ಬಲ್ಬು ನೋಡಿ, ಮಬ್ಬು ಬೆಳಕಿನಲ್ಲಿ ಯಾರಿಗೂ ಕಾಣದು. ವಾರವಿಡೀ ಒಂದೂ ತಪ್ಪಿಲ್ಲದೆ, ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಟಿಕ್ ಬಿದ್ದ ಪಟ್ಟಿ ಸಂಜೆ ಕುಳಿತು ತುಂಬಿದ್ದು, ಅದನ್ನು ನಂಬಬೇಡಿ.