ಕುಡ್, ವುಡ್, ಮೈಟ್: ಕೋರಿಕೆಯ ವಿನಯ

ಮೇಲಧಿಕಾರಿಯೊಡನೆ ಇಂಗ್ಲಿಷಿನಲ್ಲಿ 'ಕ್ಯಾನ್ ಯು ಸೈನ್ ದಿಸ್' ಎಂದರೆ ವ್ಯಾಕರಣದೋಷವೇನೂ ಇಲ್ಲ. ಆದರೂ 'ಕುಡ್ ಯು ಸೈನ್ ದಿಸ್' ಎಂದೊಡನೆ ಅದೇ ಕೋರಿಕೆ ವಿನಯವನ್ನು ತಾಳುವುದೇತಕ್ಕೆಂದರೆ, ಕ್ಯಾನ್ ಎಂಬುದರ ಭೂತರೂಪವಾದ ಕುಡ್ ಇಲ್ಲಿ ಕಳೆದ ಕಾಲವನ್ನು ಸೂಚಿಸದೆ, ಕೋರಿಕೆಯನ್ನು ವಾಸ್ತವದಿಂದ ತುಸು ದೂರ ಸರಿಸಿ, 'ಒಂದು ವೇಳೆ ಕೇಳಿಕೊಂಡರೆ' ಎಂಬ ಕಲ್ಪಿತ ಸ್ಥಿತಿಯಲ್ಲಿ ನಿಲ್ಲಿಸಿ, ಒಲ್ಲೆನೆನ್ನಲು ಎದುರಿನವರಿಗೆ ಅವಕಾಶವನ್ನುಳಿಸುತ್ತದೆ. ವಿಲ್ ವುಡ್ ಆಗುವುದೂ, ಮೇ ಮೈಟ್ ಆಗುವುದೂ ಇದೇ ನ್ಯಾಯದಿಂದ.

ಆದರೆ ಈ ಮಾರ್ದವವು ಕೇಳುವವನಿಗೆ ಸಲ್ಲತಕ್ಕುದೇ ಹೊರತು ಅನುಮತಿ ನೀಡುವವನಿಗಲ್ಲ. 'ಕುಡ್ ಐ ಲೀವ್ ಅಟ್ ಫೋರ್' ಎಂದು ನೌಕರನು ಬಿನ್ನವಿಸಿದಾಗ ಅಧಿಕಾರಿಯು 'ಯೆಸ್, ಯು ಕುಡ್' ಎಂದುಬಿಟ್ಟರೆ, ಹೊರಡಬಹುದೋ, ಮುಂದೆ ಇನ್ನೊಂದು 'ಆದರೆ' ಇದೆಯೋ ಎಂಬ ಸಂದೇಹದಲ್ಲಿ ಆತನು ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಕೊಡುವ ಮಾತು ದೃಢವಾಗಿರಬೇಕಾದುದರಿಂದ 'ಯೆಸ್, ಯು ಕ್ಯಾನ್' ಎಂಬುದೇ ಸಾಧು. ನಮ್ಮ ಮಕ್ಕಳಿಗೆ ಪ್ರಶ್ನೆಯನ್ನು ಕಲಿಸುವಷ್ಟು ಶ್ರದ್ಧೆಯಿಂದ ಈ ಉತ್ತರವನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಮನೆಗೆ ಬಂದ ಅತಿಥಿಯನ್ನು 'ಡು ಯು ಲೈಕ್ ಕಾಫಿ' ಎಂದು ಕೇಳಿದರೆ ಅದು ಅವರ ಅಭಿರುಚಿಯ ವಿಚಾರಣೆ ಮಾತ್ರ. 'ವುಡ್ ಯು ಲೈಕ್ ಸಮ್ ಕಾಫಿ' ಎಂದಾಗಲೇ ಅದು ಉಪಚಾರ.

ಸಲಹೆಗೆ ಮೈಟ್ ಉಚಿತ. ಲೆಕ್ಕದಲ್ಲಿ ತಪ್ಪು ಕಂಡಾಗ 'ಯು ಶುಡ್ ಚೆಕ್ ದ ಟೋಟಲ್' ಎಂದರೆ ಅದು ಉಪದೇಶ. 'ಯು ಮೈಟ್ ವಾಂಟ್ ಟು ಚೆಕ್ ದ ಟೋಟಲ್' ಎಂದರೆ ನಿರ್ಧಾರ ಕೇಳುವವರ ಕೈಯಲ್ಲೇ ಉಳಿಯುತ್ತದೆ. ಅದೇ ಮೈಟ್, ಹ್ಯಾವ್ ಸೇರಿ 'ಯು ಮೈಟ್ ಹ್ಯಾವ್ ಟೋಲ್ಡ್ ಮಿ' ಎಂದಾದಾಗ ಮಾತ್ರ, ಮೃದುತ್ವವನ್ನು ತೊರೆದು, 'ಮೊದಲೇ ಹೇಳಬಾರದಿತ್ತೇ' ಎಂಬ ಆಕ್ಷೇಪಣೆಯಾಗಬಲ್ಲದು.