ಎರಡು ಆಟಗಳ ನಡುವಿನ ಬುತ್ತಿ

ಹ್ಯಾರೋದಲ್ಲಿರುವ ಕನ್ನಡದ ಮನೆಯೊಂದರ ಹದಿನೈದರ ಹುಡುಗಿ ಭಾನುವಾರ ರೆಡ್‌ಬ್ರಿಜ್ ಕಡೆ ಬ್ಯಾಡ್ಮಿಂಟನ್ ಟೂರ್ನಮೆಂಟಿಗೆ ಹೊರಟಿದ್ದಾಳೆ ಎಂದಿಟ್ಟುಕೊಳ್ಳಿ. ಮೊದಲ ಆಟ 9.15ಕ್ಕೆ. ನಾರ್ತ್ ಸರ್ಕ್ಯುಲರ್ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಬೇಗ ಹೋಗಿ ಹೆಸರು ಕೊಡಬೇಕು, ಮೈ ಬಿಸಿ ಮಾಡಿಕೊಳ್ಳಬೇಕು. ಹಾಗಾಗಿ ತಿಂಡಿ 6.30ಕ್ಕೇ ಆಗಬೇಕು.

ನಮ್ಮ ಮನೆಗಳ ತೊಂದರೆ ಇಲ್ಲೇ ಶುರು. ಮಗಳು ಆಡಲು ಹೊರಟಳೆಂದು ಅಮ್ಮ ಪ್ರೀತಿಯಿಂದ ಪೂರಿ ಕರಿಯುತ್ತಾರೆ. ಎಣ್ಣೆ, ತುಪ್ಪ ಹೆಚ್ಚಾದ ಊಟ ಹೊಟ್ಟೆಯಿಂದ ಕೆಳಗಿಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆಟದ ಹೊತ್ತಿಗೆ ಅದು ಇನ್ನೂ ಒಳಗೇ ಕುಳಿತಿದ್ದರೆ ಮುಂದಕ್ಕೆ ಬಾಗಿ ಶಟಲ್ ಎತ್ತುವಾಗ ಭಾರ ಗೊತ್ತಾಗುತ್ತದೆ. ಮೂರು ಇಡ್ಲಿ, ತೆಳ್ಳಗಿನ ಚಟ್ನಿ ಸಾಕು, ಅವಲಕ್ಕಿಯೂ ಆದೀತು. ಹೆದರಿಕೆಯಿಂದ ತುತ್ತು ಇಳಿಯದವರಿಗೆ ತೆಳು ರಾಗಿ ಗಂಜಿ ಒಂದು ಲೋಟ. ಆದರೆ ಯಾವುದನ್ನೂ ಟೂರ್ನಮೆಂಟಿನ ದಿನವೇ ಮೊದಲ ಸಲ ತಿನ್ನಬಾರದು. ಅಭ್ಯಾಸದ ದಿನ ಅದೇ ತಿಂಡಿ ತಿಂದು, ಎರಡೂವರೆ ಗಂಟೆ ಬಿಟ್ಟು ಆಡಿ ನೋಡಿರಬೇಕು.

ಮುಂದಿನ ಲೆಕ್ಕ ಗಡಿಯಾರದ್ದಲ್ಲ, ಪಟ್ಟಿಯದ್ದು. ಒಂದು ಗುಂಪಿನಲ್ಲಿ ನಾಲ್ವರು, ಒಟ್ಟು ಆರು ಪಂದ್ಯ, ಎಲ್ಲ ಒಂದೇ ಕೋರ್ಟಿನಲ್ಲಿ. ಒಂದೊಂದಕ್ಕೆ ಸುಮಾರು 25 ನಿಮಿಷ ಎಂದು ಹಿಡಿಯಿರಿ. ನಮ್ಮ ಹುಡುಗಿಯದು ಮೊದಲನೆಯದು, ನಾಲ್ಕನೆಯದು, ಆರನೆಯದು. ಅಂದರೆ 9.40ಕ್ಕೆ ಒಂದು ಮುಗಿದು 10.30ಕ್ಕೆ ಇನ್ನೊಂದು, 10.55ಕ್ಕೆ ಅದು ಮುಗಿದು 11.20ಕ್ಕೆ ಮೂರನೆಯದು. 11.45ಕ್ಕೆ ಬಿಡುವು. ಗೆದ್ದರೆ ಮುಂದಿನ ಸುತ್ತು 1.30ರ ನಂತರ.

ಮೊದಲ ಬಿಡುವು 50 ನಿಮಿಷ. ಕೋರ್ಟಿನಿಂದ ಹೊರಬಂದ ತಕ್ಷಣ ಅರ್ಧ ಬಾಳೆಹಣ್ಣು, ಆಮೇಲೆ ಗುಟುಕು ಗುಟುಕಾಗಿ ನೀರು. ಎರಡನೆಯದು ಬರೀ 25 ನಿಮಿಷ. ಇಲ್ಲಿ ನೀರು, ಬೇಕೆನಿಸಿದರೆ ಒಂದೆರಡು ಖರ್ಜೂರ. ಊಟದ ಜಾಗ ಮೂರನೆಯ ಬಿಡುವಿನಲ್ಲಿದೆ, ಅದೂ ಅದರ ಆರಂಭದಲ್ಲಿ. 11.55ಕ್ಕೆ ಒಂದು ಸಣ್ಣ ಬಟ್ಟಲು ಮೊಸರನ್ನ ತಿಂದರೆ ಒಂದೂವರೆ ಗಂಟೆ ಸಿಗುತ್ತದೆ. ಹೆಚ್ಚಿನವರು ಗೆಳತಿಯರ ಆಟ ನೋಡುತ್ತಾ ಕುಳಿತು, ಒಂದು ಗಂಟೆಗೆ ಹಸಿವು ತಡೆಯದೆ ಡಬ್ಬಿ ಪೂರ್ತಿ ಖಾಲಿ ಮಾಡುತ್ತಾರೆ. ಆಮೇಲೆ ಓಡುವಾಗ ಹೊಟ್ಟೆ ಕುಲುಕುವುದು, ಪಕ್ಕೆ ಹಿಡಿಯುವುದು ಇದರಿಂದಲೇ ಇರಬಹುದು. ಏನೂ ತಿನ್ನದೆ ಉಳಿದವರು ಬೇರೆ ರೀತಿ ಕಾಣುತ್ತಾರೆ: ಸಣ್ಣದಕ್ಕೂ ಸಿಡುಕು, ಎರಡನೆಯ ಗೇಮಿಗೆ ಕಾಲು ಏಳುವುದಿಲ್ಲ.

ಪಟ್ಟಿ ಜಾರುತ್ತದೆ, ಅದೇ ಈ ಲೆಕ್ಕದ ಮಿತಿ. ಒಂದು ಪಂದ್ಯ ಮೂರನೆಯ ಗೇಮಿಗೆ ಎಳೆದರೆ ಎಲ್ಲವೂ ಹಿಂದೆ ಸರಿಯುತ್ತದೆ. ಹಾಗಾಗಿ ಅಪ್ಪನೋ ಅಮ್ಮನೋ ಫೋನ್ ಬಿಟ್ಟು, ಕೋರ್ಟಿನ ಮೇಜಿನ ಬಳಿ ಹೋಗಿ ಇನ್ನೆಷ್ಟು ಪಂದ್ಯ ಮುಂದಿವೆ ಎಂದು ಕೇಳಬೇಕು. ಆಡುವವರಿಗೆ ಆ ಕೆಲಸ ಹಚ್ಚಬೇಡಿ.

ಮೊಸರನ್ನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಬೇಯಿಸಿದ ಅನ್ನವನ್ನು ಹೊರಗೆ ಬಿಟ್ಟರೆ ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆತು ಹೆಚ್ಚುತ್ತವೆ. ಬಿಸಿಲು ಬಿದ್ದ ಕಾರಿನಲ್ಲಿ, ಸೆಖೆಯ ಆಟದ ಹಾಲ್‌ನಲ್ಲಿ ಇನ್ನೂ ಬೇಗ. ಇಲ್ಲಿನ ಆಹಾರ ಸುರಕ್ಷತೆಯ ಸಲಹೆಯಂತೆ ಅನ್ನವನ್ನು ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗಿಟ್ಟು, ಒಂದು ದಿನದೊಳಗೆ ಮುಗಿಸಬೇಕು. ಆದ್ದರಿಂದ ಹಿಂದಿನ ರಾತ್ರಿ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರವಿ ಆರಿಸಿ ಫ್ರಿಜ್ಜಿಗಿಡಿ. ಬೆಳಿಗ್ಗೆ ತಣ್ಣನೆಯ ಮೊಸರು ಕಲಸಿ, ಐಸ್ ಪ್ಯಾಕ್ ಇರುವ ಚೀಲದಲ್ಲಿ ಒಯ್ಯಿರಿ. ಬಿಸಿ ಅನ್ನಕ್ಕೆ ಮೊಸರು ಹಾಕಿ ಮುಚ್ಚಳ ಬಿಗಿಯುವುದೇ ತಪ್ಪು. ಊಟದ ಹೊತ್ತಿಗೆ ಡಬ್ಬಿ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ವಾಸನೆ ಚೆನ್ನಾಗಿದ್ದರೂ ತಿನ್ನಬೇಡಿ. ಬದಲಿಗೆ ಜಾಮ್ ಸವರಿದ ಬ್ರೆಡ್ಡೋ ಚಪಾತಿಯೋ ಚೀಲದಲ್ಲಿರಲಿ.

ಚಿತ್ರಾನ್ನ ಒಯ್ಯುವವರು ಕಡಲೆಬೀಜ ಬಿಟ್ಟೇ ಒಗ್ಗರಣೆ ಹಾಕುವುದು ಮೇಲು. ಇಲ್ಲಿ ಕಡಲೆಬೀಜ, ಎಳ್ಳು ಒಗ್ಗದ ಮಕ್ಕಳು ತಂಡದಲ್ಲಿರಬಹುದು. ಅಜ್ಜಿ ಕಳಿಸಿದ ಎಳ್ಳುಂಡೆಯನ್ನು ಕೇಳದೆ ಹಂಚಬಾರದು. ನಿಮ್ಮ ಮಗುವಿಗೇ ಅಲರ್ಜಿಯೋ ಸಕ್ಕರೆ ಕಾಯಿಲೆಯೋ ಇದ್ದರೆ ಈ ಹೊತ್ತಿಗೆಯ ಮಾತು ಬದಿಗಿಟ್ಟು ನಿಮ್ಮ ಜಿಪಿಯನ್ನೋ ನೋಂದಾಯಿತ ಡಯಟೀಶಿಯನ್‌ರನ್ನೋ ಕೇಳಿ.

ನೀರಿಗೆ ನಲ್ಲಿಯೇ ಸಾಕು, ಲಂಡನ್ನಿನ ನಲ್ಲಿ ನೀರು ಕುಡಿಯಲು ಯೋಗ್ಯ. ಹೊಳೆಯುವ ಡಬ್ಬಿಯ ಎನರ್ಜಿ ಡ್ರಿಂಕ್ ಬೇಡ. ಲೀಟರಿಗೆ 150 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಇರುವ ಇಂಥ ಪಾನೀಯದ ಮೇಲೆ ಮಕ್ಕಳಿಗೆ ತಕ್ಕುದಲ್ಲ ಎಂದು ಬ್ರಿಟನ್ನಿನ ನಿಯಮದಂತೆ ಅಚ್ಚಾಗಿರುತ್ತದೆ, ಓದಿ ನೋಡಿ.

ಬೆಳಿಗ್ಗೆ ತಡೆದಿಟ್ಟ ತುಪ್ಪಕ್ಕೆ ಸಂಜೆ ಜಾಗವಿದೆ. ಮನೆಗೆ ಬಂದ ಮೇಲೆ ಬಿಸಿಬೇಳೆ ಬಾತ್, ಜೊತೆಗೆ ಮೊಸರು. ಅನ್ನ, ಬೇಳೆ, ತರಕಾರಿ ಒಂದೇ ಪಾತ್ರೆಯಲ್ಲಿ. ದಾರಿಯಲ್ಲೇ ಹಸಿದರೆ ಬೆಳಿಗ್ಗೆ ಉಳಿದ ಅರ್ಧ ಬಾಳೆಹಣ್ಣು ಇದ್ದೇ ಇದೆ, ತಮ್ಮ ತಿಂದಿರದಿದ್ದರೆ.