0.6ರ ನರ್ಸಿಗೆ ರಜೆ ಎಷ್ಟು?

ಮಂಗಳೂರಿನಲ್ಲಿ ಓದಿ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗೆ ಸೇರಿದ ನರ್ಸ್ ಒಬ್ಬರಿದ್ದಾರೆ ಎಂದುಕೊಳ್ಳಿ. ಮಗುವಾದ ಮೇಲೆ ಅವರು ಪೂರ್ಣಾವಧಿ ಬಿಟ್ಟು ಅರೆಕಾಲಿಕ ಕೆಲಸ ಕೇಳುತ್ತಾರೆ. ಹೊಸ ಒಪ್ಪಂದ ಪತ್ರದಲ್ಲಿ '0.6' ಎಂದಷ್ಟೇ ಇರುತ್ತದೆ. ಎಷ್ಟು ಗಂಟೆ ದುಡಿಯಬೇಕು, ಎಷ್ಟು ಸಂಬಳ, ಎಷ್ಟು ರಜೆ ಎಂಬ ಮೂರೂ ಪ್ರಶ್ನೆಗೆ ಉತ್ತರ ಹೊರಡುವುದು ಆ ಒಂದು ಅಂಕಿಯಿಂದಲೇ.

ಅಲ್ಲಿನ ಎನ್‌ಎಚ್‌ಎಸ್‌ನಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 37.5 ಗಂಟೆ. ಅದನ್ನು 0.6ರಿಂದ ಗುಣಿಸಿದರೆ 22.5 ಗಂಟೆ. ಸಂಬಳವೂ ಇದೇ ದಾರಿ. ಸುಲಭಕ್ಕೆಂದು ಪೂರ್ಣ ಸಂಬಳ ವರ್ಷಕ್ಕೆ 30,000 ಪೌಂಡ್ ಎಂದಿಟ್ಟುಕೊಂಡರೆ ಇವರದು 18,000, ಅಂದರೆ ತಿಂಗಳಿಗೆ 1,500. ಕೈಗೆ ಬರುವುದು ಮಾತ್ರ ಪೂರ್ಣಾವಧಿಯವರ ಶೇ. 60ಕ್ಕಿಂತ ಹೆಚ್ಚೇ ಇರುತ್ತದೆ. ಅಲ್ಲಿ ಮೊದಲ 12,570 ಪೌಂಡಿಗೆ ಆದಾಯ ತೆರಿಗೆ ಇಲ್ಲ, ಅರೆಕಾಲಿಕರೆಂದು ಆ ಮಿತಿಯನ್ನು ಯಾರೂ ಕತ್ತರಿಸುವುದಿಲ್ಲ.

ಗೋಜಲು ಶುರುವಾಗುವುದು ಪಾಳಿಯಲ್ಲಿ. ವಾರ್ಡಿನ ಉದ್ದ ಪಾಳಿಯಲ್ಲಿ ಹನ್ನೆರಡು ಗಂಟೆ ಇದ್ದರೂ ಊಟದ ಅರ್ಧ ಗಂಟೆಗೆ ಸಂಬಳ ಇಲ್ಲದ ಕಡೆ ಲೆಕ್ಕಕ್ಕೆ ಸಿಗುವುದು 11.5 ಗಂಟೆ. ವಾರಕ್ಕೆ ಎರಡು ಪಾಳಿ ಮಾಡಿದರೆ 23 ಗಂಟೆಯಾಯಿತು. ಒಪ್ಪಂದದಲ್ಲಿರುವುದು 22.5. ವಾರಕ್ಕೆ ಅರ್ಧ ಗಂಟೆ ತಾನೇ ಎಂದು ಬಿಟ್ಟರೆ ವರ್ಷಕ್ಕೆ 26 ಗಂಟೆ, ಎರಡು ಪಾಳಿಗೂ ಮಿಕ್ಕಿದ ಬಿಟ್ಟಿ ದುಡಿಮೆ. ರಜೆಯ ವಾರಗಳಲ್ಲಿ ಹೀಗೆ ಹೆಚ್ಚುವುದಿಲ್ಲವಾದ್ದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ, ಆದರೂ ಕೈಬಿಡುವಷ್ಟಲ್ಲ. ಎರಡು ಪಾಳಿಯೇ ನಿಶ್ಚಯವಾಗಿದ್ದರೆ ಒಪ್ಪಂದದಲ್ಲಿ 23 ಗಂಟೆ ಎಂದೇ ಬರೆಸುವುದು ಮೇಲು. ಆಗ ಭಿನ್ನರಾಶಿ 0.6133. ಅದನ್ನು ಯಾರಾದರೂ 0.61 ಎಂದು ಮೊಟಕು ಮಾಡಿದರೆ ವರ್ಷಕ್ಕೆ 18,400ರ ಬದಲು 18,300 ಪೌಂಡ್ ಬರುತ್ತದೆ. ದಶಾಂಶದ ಬಾಲ ಕತ್ತರಿಸಿದ್ದಕ್ಕೆ ನೂರು ಪೌಂಡ್ ದಂಡ!

ಇನ್ನು ರಜೆ. ಹೊಸದಾಗಿ ಸೇರಿದವರಿಗೆ ವರ್ಷಕ್ಕೆ 27 ದಿನ, ಜೊತೆಗೆ ಸಾರ್ವತ್ರಿಕ ರಜೆ 8, ಒಟ್ಟು 35 ದಿನ. ಇಲ್ಲಿ 'ದಿನ' ಎಂದರೆ 7.5 ಗಂಟೆ, ಆದ್ದರಿಂದ ಪೂರ್ಣಾವಧಿಯವರಿಗೆ 262.5 ಗಂಟೆ. ಅದರ 0.6 ಪಾಲು 157.5 ಗಂಟೆ. ಇದನ್ನು 22.5ರಿಂದ ಭಾಗಿಸಿ ನೋಡಿ, ಸರಿಯಾಗಿ 7 ವಾರ. ಪೂರ್ಣಾವಧಿಯವರ 262.5ನ್ನು 37.5ರಿಂದ ಭಾಗಿಸಿದರೂ 7 ವಾರವೇ. ಅರೆಕಾಲಿಕರಿಗೆ ರಜೆಯ ವಾರಗಳು ಕಡಿಮೆಯಾಗುವುದಿಲ್ಲ, ವಾರವೇ ಚಿಕ್ಕದಾಗುತ್ತದೆ. ಎಂಥ ಭಿನ್ನರಾಶಿಯಿದ್ದರೂ ಈ ಒಂದು ತಾಳೆ ನೋಡಿದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ದಿನದಲ್ಲಿ ಲೆಕ್ಕ ಹಾಕಿದರೆ ಎಡವುವುದು ಖಚಿತ. 35ರ 0.6 ಪಾಲು 21 ದಿನ, ಆದ್ದರಿಂದ 21 ಪಾಳಿ ರಜೆ ಎಂದು ನಮ್ಮ ನರ್ಸ್ ನಂಬಿದರೆ ಅದು 241.5 ಗಂಟೆಯಾಗುತ್ತದೆ. ನಿಜಕ್ಕೂ 157.5 ಗಂಟೆಯಲ್ಲಿ ಉದ್ದ ಪಾಳಿಗಳು ಹದಿಮೂರು, ಮೇಲೆ ಎಂಟು ಗಂಟೆ ಚಿಲ್ಲರೆ.

ಸಾರ್ವತ್ರಿಕ ರಜೆಯನ್ನೂ ಇದೇ ಮೊತ್ತದಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನ ಎಂಟರಲ್ಲಿ ನಾಲ್ಕು ಸಾಮಾನ್ಯವಾಗಿ ಸೋಮವಾರವೇ ಬೀಳುತ್ತವೆ. 'ಅವತ್ತು ಪಾಳಿ ಇದ್ದವರಿಗೆ ರಜೆ' ಎಂದುಬಿಟ್ಟರೆ ಸೋಮವಾರ ದುಡಿಯುವವರಿಗೆ ಲಾಭ, ಬುಧವಾರ ಗುರುವಾರ ಬರುವವರಿಗೆ ಸಿಗುವುದು ತೀರಾ ಕಡಿಮೆ. ಹಾಗಾಗಿ ಇಬ್ಬರಿಗೂ 36 ಗಂಟೆ ಕೊಟ್ಟು, ಪಾಳಿ ಇದ್ದ ಹಬ್ಬದ ದಿನ ಮನೆಯಲ್ಲಿ ಉಳಿದವರ ಖಾತೆಯಿಂದ ಅಷ್ಟು ಗಂಟೆ ಕಳೆಯುತ್ತಾರೆ. ಸೋಮವಾರದವರಿಗೆ ತಮ್ಮ ರಜೆಯೇ ಕತ್ತರಿಯಾದಂತೆ ಅನಿಸುವುದುಂಟು. ಮೊತ್ತ ಒಂದೇ, ಆದರೆ ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗೆ ಕಡಿಮೆ ಎಂಬ ಗೊಣಗಾಟ ಸುಳ್ಳಲ್ಲ.

ಎಲ್ಲಕ್ಕಿಂತ ದುಬಾರಿ ತಪ್ಪು ನಡೆಯುವುದು ವರ್ಷದ ನಡುವೆ ಗಂಟೆ ಬದಲಾದಾಗ. ರಜೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್. ನಮ್ಮ ನರ್ಸ್ ಸೆಪ್ಟೆಂಬರ್ ಕೊನೆಯವರೆಗೆ ಪೂರ್ಣಾವಧಿ, ಅಷ್ಟರಲ್ಲಿ 150 ಗಂಟೆ ರಜೆ ಹಾಕಿಯಾಗಿದೆ; ಅಕ್ಟೋಬರ್ 1ರಿಂದ 0.6. ಅವಸರದಲ್ಲಿ ಇಡೀ ವರ್ಷಕ್ಕೆ 0.6 ಹಿಡಿದರೆ 157.5ರಲ್ಲಿ 150 ಕಳೆದು ಉಳಿಯುವುದು 7.5 ಗಂಟೆ. ಒಂದು ಪಾಳಿಗೂ ಸಾಲದು. ವರ್ಷವನ್ನು ಎರಡಾಗಿ ಸೀಳಬೇಕು. ಮೊದಲರ್ಧಕ್ಕೆ 131.25, ಎರಡನೆಯದಕ್ಕೆ 78.75, ಕೂಡಿದರೆ 210 ಗಂಟೆ. ಉಳಿಕೆ 60. ರೋಸ್ಟರಿನ ಪರದೆ 7.5 ತೋರಿಸಿದರೆ, ಈ ಎರಡು ಅಂಕಿಯನ್ನು ಚೀಟಿಯಲ್ಲಿ ಬರೆದು ಮ್ಯಾನೇಜರ್ ಮುಂದಿಟ್ಟರೆ ಸಾಕು, ಐದು ಪಾಳಿಯ ರಜೆ ವಾಪಸು ಬರುತ್ತದೆ.